ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ

ಒಂದು ಸ್ಪರ್ಧೆಯಲ್ಲಿ ಎಂಟು ಜನ ಇದ್ದಾರೆ. ಅವರ ಅಂಕಗಳು ಇಳಿಕೆ ಕ್ರಮದಲ್ಲಿ 10, 9, 8, 7, 7, 7, 5, 5. ಐದನೆಯ ಸ್ಥಾನದವರಿಗೆ ಎಷ್ಟು ಅಂಕ ಬಂದಿದೆಯೋ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಪಡೆದವರೆಲ್ಲ ಮುಂದಿನ ಸುತ್ತಿಗೆ ಹೋಗುತ್ತಾರೆ. ಆದರೆ ಸೊನ್ನೆ ತೆಗೆದವರಿಗೆ ಅವಕಾಶವಿಲ್ಲ. ಎಷ್ಟು ಜನ ಹೋದರು? ಐದನೆಯವರ ಅಂಕ 7. ಏಳು ಅಥವಾ ಅದಕ್ಕಿಂತ ಹೆಚ್ಚು ಪಡೆದವರು ಆರು ಜನ. ಏಳನೇ ತರಗತಿಯ ಮಕ್ಕಳು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ.

ಇದೇ ಲೆಕ್ಕ ಕೋಡ್‌ಫೋರ್ಸಸ್ ಎಂಬ ಪ್ರೋಗ್ರಾಮಿಂಗ್ ಸ್ಪರ್ಧೆಯ ತಾಣದಲ್ಲಿ 158A ಎಂಬ ಸಂಖ್ಯೆಯಡಿ, ‘ನೆಕ್ಸ್ಟ್ ರೌಂಡ್’ ಎಂಬ ಹೆಸರಿನಲ್ಲಿ ಇದೆ. ಹೊಸಬರು ಮೊದಮೊದಲು ಬಿಡಿಸುವ ಪ್ರಶ್ನೆಗಳಲ್ಲಿ ಅದೂ ಒಂದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿಸಿಎಯೋ ಡಿಪ್ಲೊಮಾವೋ ಎಂಜಿನಿಯರಿಂಗೋ ಸೇರಿರುವವರ ಮುಂದೆ ಅದನ್ನು ಇಟ್ಟು ನೋಡಿ. ಐದನೆಯ ಸ್ಥಾನದವರೆಗೆ ಎಂದುಕೊಂಡು 5 ಎಂದು ಉತ್ತರ ಕೊಡುವವರು ಸಿಗುತ್ತಾರೆ. ಸೊನ್ನೆಯ ಷರತ್ತು ಕಣ್ಣಿಗೇ ಬೀಳದವರು ಸಿಗುತ್ತಾರೆ. ಎರಡು ಸಲ ಓದಿ ‘ನನಗೆ ಕೋಡಿಂಗ್ ಆಗಿಬರುವುದಿಲ್ಲ’ ಎಂದು ಪುಟ ಮುಚ್ಚುವವರೂ ಸಿಗುತ್ತಾರೆ. ಈ ಮೂವರಲ್ಲಿ ಯಾರಿಗೂ ಲೆಕ್ಕ ಬಾರದೆ ಇಲ್ಲ.

ಎಡವಟ್ಟು ಆಗುವುದು ಒಂದೇ ಒಂದು ವಾಕ್ಯದಲ್ಲಿ. ಆ ಇಂಗ್ಲಿಷ್ ವಾಕ್ಯದ ನಡೆ ಹೀಗಿದೆ: ‘ಕೆ’ ನೆಯ ಸ್ಥಾನ ಪಡೆದವರ ಅಂಕಕ್ಕೆ ಸಮನಾದ ಅಥವಾ ಹೆಚ್ಚಿನ ಅಂಕ ಗಳಿಸಿದ ಸ್ಪರ್ಧಿ ಮುಂದಿನ ಸುತ್ತಿಗೆ ‘ಅಡ್ವಾನ್ಸ್’ ಆಗುತ್ತಾರೆ, ‘ಆ್ಯಸ್ ಲಾಂಗ್ ಆ್ಯಸ್’ ಅವರ ಅಂಕ ‘ಪಾಸಿಟಿವ್’ ಆಗಿದ್ದರೆ. ಅಡ್ವಾನ್ಸ್ ಎಂದರೆ ನಮಗೆ ಬಾಡಿಗೆ ಮನೆಗೆ ಮುಂಗಡವಾಗಿ ಕೊಡುವ ದುಡ್ಡು. ಇಲ್ಲಿ ಅದು ಮುಂದಿನ ಹಂತಕ್ಕೆ ಹೋಗುವುದು. ಲಾಂಗ್ ಎಂದರೆ ಉದ್ದ ಎಂದು ಗೊತ್ತು. ಆದರೆ ಮೂರು ಪದ ಸೇರಿದಾಗ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ‘ಹಾಗಿದ್ದರೆ ಮಾತ್ರ’ ಎಂಬ ಷರತ್ತು ಅದು. ಪಾಸಿಟಿವ್ ಎಂದರೆ ಸೊನ್ನೆಗಿಂತ ದೊಡ್ಡದು, ಸೊನ್ನೆ ಅದರಲ್ಲಿ ಸೇರುವುದಿಲ್ಲ. ಈ ಮೂರು ಸಿಕ್ಕು ಬಿಡಿಸಿಕೊಂಡರೆ ಮಿಕ್ಕದ್ದು ಮೂರು ಸಾಲಿನ ಪೈಥಾನ್:

```python
n, k = map(int, input().split())
a = list(map(int, input().split()))
print(sum(1 for x in a if x >= a[k-1] and x > 0))
```

ಇದರಲ್ಲಿರುವ `a[k-1]` ಕಡೆಗೂ ಒಮ್ಮೆ ನೋಡಿ. ಪ್ರಶ್ನೆ ಮನುಷ್ಯರಂತೆ ಒಂದರಿಂದ ಎಣಿಸುತ್ತದೆ, ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಐದನೆಯವರು ಪಟ್ಟಿಯಲ್ಲಿ `a[4]`. ಇದು ಇಂಗ್ಲಿಷಿನ ತೊಡಕಲ್ಲ, ಇಂಗ್ಲಿಷ್ ಮಾಧ್ಯಮದವರೂ ಇಲ್ಲಿ ಜಾರುತ್ತಾರೆ. ಯಾವುದು ಭಾಷೆಯ ತಪ್ಪು, ಯಾವುದು ಎಲ್ಲರೂ ಮಾಡುವ ತಪ್ಪು ಎಂದು ಬೇರ್ಪಡಿಸಿಕೊಳ್ಳುವುದು ಬಹಳ ಮುಖ್ಯ. ಇಲ್ಲದಿದ್ದರೆ ಎಲ್ಲ ಸೋಲನ್ನೂ ಮಾಧ್ಯಮದ ತಲೆಗೆ ಕಟ್ಟುವ ಚಾಳಿ ಬೆಳೆಯುತ್ತದೆ.

ಪುಟವನ್ನು ಕೆಳಗಿನಿಂದ ಓದಿ

ಇಂಥ ತಾಣಗಳ ಪ್ರಶ್ನೆಗಳಿಗೆ ಹೆಚ್ಚುಕಡಿಮೆ ಒಂದೇ ಅಚ್ಚು. ಮೊದಲು ಕತೆ. ಆಮೇಲೆ ‘ಇನ್‌ಪುಟ್’, ಅಂದರೆ ಪ್ರೋಗ್ರಾಮಿಗೆ ಏನನ್ನು ಯಾವ ಸಾಲಿನಲ್ಲಿ ಕೊಡುತ್ತಾರೆ ಎಂಬ ವಿವರ. ಆಮೇಲೆ ‘ಔಟ್‌ಪುಟ್’, ನಾವು ಏನನ್ನು ಮುದ್ರಿಸಬೇಕು ಎಂಬುದು. ಕೊನೆಗೆ ಮಾದರಿಗಳು: ಹೀಗೆ ಕೊಟ್ಟರೆ ಹೀಗೆ ಉತ್ತರ ಬರಬೇಕು. ಕೆಲವೊಮ್ಮೆ ಅದರ ಕೆಳಗೆ ‘ನೋಟ್’ ಎಂಬ ಟಿಪ್ಪಣಿ ಇರುತ್ತದೆ, ಮಾದರಿಯ ಉತ್ತರ ಹೇಗೆ ಬಂತು ಎಂಬ ವಿವರಣೆ ಅದರಲ್ಲಿರುತ್ತದೆ. ಬೆಲೆ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂಬ ಮಿತಿಗಳು ಕೆಲವು ತಾಣಗಳಲ್ಲಿ ‘ಕನ್‌ಸ್ಟ್ರೇಂಟ್ಸ್’ ಎಂದು ಬೇರೆಯಾಗಿರುತ್ತವೆ, ಕೆಲವು ಕಡೆ ಇನ್‌ಪುಟ್ ಭಾಗದಲ್ಲೇ ಆವರಣದೊಳಗೆ ಅಡಗಿರುತ್ತವೆ.

ಕತೆಯಿಂದ ಓದಲು ಶುರುಮಾಡಿದರೆ ಕನ್ನಡದ ಓದುಗ ಸುಸ್ತಾಗುತ್ತಾನೆ, ಏಕೆಂದರೆ ಕಷ್ಟದ ಇಂಗ್ಲಿಷ್ ಇರುವುದೆಲ್ಲ ಅಲ್ಲೇ. ಕೆಳಗೆ ಬಂದಂತೆ ಭಾಷೆ ಕಡಿಮೆಯಾಗಿ ಗಣಿತ ಹೆಚ್ಚುತ್ತದೆ. ಹಾಗಾಗಿ ಮಾದರಿಯಿಂದ ಮೇಲಕ್ಕೆ ಹೋಗುವುದು ಲೇಸು. ‘ನೆಕ್ಸ್ಟ್ ರೌಂಡ್’ ಪ್ರಶ್ನೆಯಲ್ಲಿ ಎರಡು ಮಾದರಿಗಳಿವೆ:

```
8 5
10 9 8 7 7 7 5 5
```

ಇದಕ್ಕೆ ಉತ್ತರ 6. ಎರಡನೆಯದು:

```
4 2
0 0 0 0
```

ಇದಕ್ಕೆ ಉತ್ತರ 0.

ಒಂದಕ್ಷರ ಇಂಗ್ಲಿಷ್ ಓದುವ ಮೊದಲೇ ಇಷ್ಟರಿಂದ ಏನೆಲ್ಲ ತಿಳಿಯುತ್ತದೆ ನೋಡಿ. ಮೊದಲ ಸಾಲಿನ 8 ಎಂದರೆ ಎರಡನೇ ಸಾಲಿನಲ್ಲಿರುವ ಸಂಖ್ಯೆಗಳೆಷ್ಟು ಎಂಬುದು, ಎಣಿಸಿದರೆ ಗೊತ್ತಾಗುತ್ತದೆ. 5 ಏನೋ ಗೊತ್ತಿಲ್ಲ, ಆದರೆ ಉತ್ತರ 5 ಅಲ್ಲ, 6. ಏಕೆ ಒಂದು ಹೆಚ್ಚು? ಐದನೆಯ ಸಂಖ್ಯೆ 7, ಆರನೆಯದೂ 7. ಸಮಾನ ಅಂಕದವರನ್ನು ಬಿಡುತ್ತಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ಎರಡನೇ ಮಾದರಿಯಲ್ಲಿ ಎಲ್ಲರ ಅಂಕವೂ ಸಮ, ಆ ಲೆಕ್ಕದಲ್ಲಿ 4 ಬರಬೇಕಿತ್ತು, ಬಂದದ್ದು 0. ಅಂದರೆ ಸೊನ್ನೆಗೆ ಏನೋ ಬೇರೆ ನಿಯಮವಿದೆ. ಈಗ ಮೇಲೆ ಹೋಗಿ ಕತೆ ಓದಿದರೆ ನೀವು ಹುಡುಕುತ್ತಿರುವುದು ಎರಡೇ ಸಂಗತಿ: ಸಮಾನ ಅಂಕದ ಮಾತು ಎಲ್ಲಿದೆ, ಸೊನ್ನೆಯ ಮಾತು ಎಲ್ಲಿದೆ. ಏನನ್ನು ಹುಡುಕಬೇಕೆಂದು ಗೊತ್ತಿದ್ದವನಿಗೆ ಉದ್ದ ಪಠ್ಯ ಅಷ್ಟು ಉದ್ದ ಕಾಣುವುದಿಲ್ಲ.

ಆದರೆ ಮಾದರಿಯನ್ನೇ ನಂಬಿ ಕತೆ ಬಿಟ್ಟರೆ ಬೇರೆ ಅಪಾಯ ಕಾದಿದೆ. ಅದೇ ತಾಣದ 4A ಪ್ರಶ್ನೆ, ‘ವಾಟರ್‌ಮೆಲನ್’, ಪ್ರಪಂಚದಾದ್ಯಂತ ಹೊಸಬರು ಬಿಡಿಸುವ ಪ್ರಶ್ನೆ. ಇಬ್ಬರು ಗೆಳೆಯರು ಒಂದು ಕಲ್ಲಂಗಡಿ ಕೊಳ್ಳುತ್ತಾರೆ. ಅದರ ತೂಕ `w` ಕಿಲೋ. ಇಬ್ಬರಿಗೂ ಸಮ ಸಂಖ್ಯೆಯೆಂದರೆ ಇಷ್ಟ, ಹಾಗಾಗಿ ಎರಡು ಭಾಗ ಮಾಡಿದಾಗ ಪ್ರತಿ ಭಾಗದ ತೂಕವೂ ಸಮ ಸಂಖ್ಯೆಯಾಗಬೇಕು. ಆಗುತ್ತದೆಯೆ? YES ಅಥವಾ NO. ಬಿಸಿಲು, ಬಾಯಾರಿಕೆ, ಸುಸ್ತು ಎಂದೆಲ್ಲ ಕತೆಯಲ್ಲಿ ಇದೆ, ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಎರಡು ಸಣ್ಣ ಮಾತು. ಒಂದು, ಎರಡು ಭಾಗಗಳು ಒಂದೇ ತೂಕದವಾಗಿರಬೇಕೆಂಬ ಕಡ್ಡಾಯವಿಲ್ಲ ಎನ್ನುವುದು. ಇನ್ನೊಂದು, ಕೊನೆಯ ಸಾಲಿನಲ್ಲಿ ಎಲ್ಲ ಮುಗಿಯಿತು ಎಂಬಂತೆ ಹೇಳಿರುವುದು: ಇಬ್ಬರಿಗೂ ಸಿಗುವ ಭಾಗದ ತೂಕ ‘ಪಾಸಿಟಿವ್’ ಆಗಿರಬೇಕು.

ಕೊಟ್ಟಿರುವ ಮಾದರಿ ಒಂದೇ: 8 ಕಿಲೋಗೆ YES. ಇಂಗ್ಲಿಷಿನಲ್ಲಿ ‘ಪಾರ್ಟ್ಸ್’, ‘ಈಕ್ವಲ್’ ಎಂಬ ಪದಗಳನ್ನು ಮಾತ್ರ ಗುರುತಿಸಿದವರು ‘ಸಮಪಾಲು’ ಎಂದು ಓದಿಕೊಳ್ಳುತ್ತಾರೆ. ಎಂಟನ್ನು ನಾಲ್ಕು ನಾಲ್ಕಾಗಿ ಮಾಡಬಹುದು, YES, ಮಾದರಿ ಸರಿಹೋಯಿತು. ಆದರೆ 6 ಕಿಲೋಗೆ ಅವರ ಪ್ರೋಗ್ರಾಮ್ ಮೂರು ಮೂರು ಎಂದು ಹಂಚಿ NO ಎನ್ನುತ್ತದೆ. ಸರಿಯುತ್ತರ YES, ಎರಡು ಮತ್ತು ನಾಲ್ಕು. ಕಡ್ಡಾಯವಿಲ್ಲ ಎಂಬ ಮಾತನ್ನು ಸರಿಯಾಗಿ ಓದಿ ಕೊನೆಯ ಸಾಲು ಬಿಟ್ಟವರು ‘ಸಮ ಸಂಖ್ಯೆಯಾದರೆ YES’ ಎಂದು ಬರೆಯುತ್ತಾರೆ. ಅದೂ 8ಕ್ಕೆ ಸರಿಯಾಗುತ್ತದೆ, 2ಕ್ಕೆ ತಪ್ಪುತ್ತದೆ. ಎರಡು ಕಿಲೋ ಹಣ್ಣನ್ನು ಒಂದು ಒಂದಾಗಿ ಮಾಡಿದರೆ ಬೆಸ, ಎರಡು ಮತ್ತು ಸೊನ್ನೆಯಾಗಿ ಮಾಡಿದರೆ ಒಬ್ಬನಿಗೆ ಏನೂ ಇಲ್ಲ. ಉತ್ತರ NO.

ಭಾಷೆಯ ತಪ್ಪಿನ ಗುರುತೇ ಇದು. ಪುಟದಲ್ಲಿರುವ ಮಾದರಿಗಳೆಲ್ಲ ಸರಿಬರುತ್ತವೆ, ಒಪ್ಪಿಸಿದ ಕೂಡಲೇ `Wrong answer` ಎಂದು ಬರುತ್ತದೆ. ಆಗ ಕೋಡಿನಲ್ಲಿ ಅಲ್ಪವಿರಾಮ ಹುಡುಕುತ್ತ ಕೂರುವುದಕ್ಕಿಂತ ಮೊದಲು ಪ್ರಶ್ನೆಯನ್ನು ಮತ್ತೊಮ್ಮೆ ಓದಬೇಕು. ಅದರಲ್ಲೂ ಮಾದರಿಯಲ್ಲಿ ಕೆಲಸಕ್ಕೇ ಬಾರದ ವಾಕ್ಯ ಯಾವುದು ಎಂದು ನೋಡಬೇಕು. ಮಾದರಿ ಮುಟ್ಟದ ವಾಕ್ಯದಲ್ಲೇ ತಪ್ಪು ಇರುವ ಸಾಧ್ಯತೆ ಹೆಚ್ಚು. ಮಿತಿಯೊಳಗಿನ ತೀರ ಸಣ್ಣ ಬೆಲೆಗಳನ್ನು, ಅಂದರೆ ಇಲ್ಲಿ 1, 2, 3, 4 ಅನ್ನು, ಕಾಗದದ ಮೇಲೆ ಕೈಯಾರೆ ಮಾಡಿ ನೋಡುವ ಅಭ್ಯಾಸವಿದ್ದರೆ ಒಪ್ಪಿಸುವ ಮುಂಚೆಯೇ ಸಿಕ್ಕಿಬೀಳುತ್ತದೆ.

ಗೊತ್ತಿರುವ ಪದವೇ ದಾರಿ ತಪ್ಪಿಸುವುದು

ಶಬ್ದಸಂಗ್ರಹ ಎಂದ ಕೂಡಲೇ ಗೊತ್ತಿಲ್ಲದ ಪದಗಳ ಪಟ್ಟಿ ಮಾಡಲು ಹೊರಡುತ್ತೇವೆ. ನಿಜಕ್ಕೂ ಗೊತ್ತಿಲ್ಲದ ಪದ ಅಷ್ಟು ಅಪಾಯಕಾರಿಯಲ್ಲ. ಅದು ಎದ್ದು ಕಾಣುತ್ತದೆ, ನಿಘಂಟು ತೆಗೆಸುತ್ತದೆ. ಗೊತ್ತಿದೆ ಎಂದುಕೊಂಡ ಪದ ಸದ್ದಿಲ್ಲದೆ ಮೋಸಮಾಡುತ್ತದೆ. ಕನ್ನಡದ ಬೀದಿಯಲ್ಲಿ ನೂರಾರು ಇಂಗ್ಲಿಷ್ ಪದಗಳು ಓಡಾಡುತ್ತಿವೆ, ಅವಕ್ಕೆ ಇಲ್ಲಿ ಒಂದೊಂದೇ ಕೆಲಸ. ಫಂಕ್ಷನ್ ಎಂದರೆ ನಾಮಕರಣವೋ ಗೃಹಪ್ರವೇಶವೋ. ಆರ್ಗ್ಯುಮೆಂಟ್ ಎಂದರೆ ಜಗಳ. ಕೇಸ್ ಎಂದರೆ ಪೊಲೀಸ್ ಠಾಣೆ. ರಿಟರ್ನ್ ಎಂದರೆ ವಾಪಸು ಟಿಕೆಟ್ಟು. ಆರ್ಡರ್ ಎಂದರೆ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ.

ಪ್ರೋಗ್ರಾಮಿಂಗ್‌ನಲ್ಲಿ ಫಂಕ್ಷನ್ ಎಂದರೆ ಹೆಸರಿಟ್ಟ ಒಂದು ಕೆಲಸ. ಅದಕ್ಕೆ ಒಳಗೆ ಕೊಡುವ ಬೆಲೆ ಆರ್ಗ್ಯುಮೆಂಟ್, ಅದು ಕೆಲಸ ಮುಗಿಸಿ ಕರೆದವರ ಕೈಗೆ ಕೊಡುವ ಉತ್ತರ ರಿಟರ್ನ್. ಟೆಸ್ಟ್ ಕೇಸ್ ಎಂದರೆ ಪರೀಕ್ಷೆಗೆ ಕೊಡುವ ಒಂದು ನಿದರ್ಶನ, ಅಪ್ಪರ್ ಕೇಸ್ ಎಂದರೆ ದೊಡ್ಡ ಅಕ್ಷರ. ಒಂದೇ ಪದ, ಎರಡು ದಿಕ್ಕು. ಆರ್ಡರ್ ಎಂದರೆ ಬಹುಪಾಲು ‘ಕ್ರಮ’. ‘ಇನ್ ಎನಿ ಆರ್ಡರ್’ ಮುದ್ರಿಸಿ ಎಂದರೆ ಯಾವ ಕ್ರಮದಲ್ಲಾದರೂ ಸರಿ, ವಿಂಗಡಿಸುವ ಗೋಜು ಬೇಡ ಎಂದು ಅರ್ಥ. ಆ ಮೂರು ಪದ ಬಿಟ್ಟು ಓದಿದ ಹುಡುಗ ಅರ್ಧ ಗಂಟೆ ಬೇಡದ ಕೆಲಸದಲ್ಲಿ ಕಳೆಯುತ್ತಾನೆ.

ಇನ್ನೊಂದು ಬಗೆ ಶಾಲೆಯ ಗಣಿತದ್ದು. ಇದರಲ್ಲಿ ಕನ್ನಡ ಮಾಧ್ಯಮದವರ ಕೈ ಮೇಲಿದೆ ಎಂದೇ ನನ್ನ ಅನಿಸಿಕೆ, ಏಕೆಂದರೆ ಪರಿಕಲ್ಪನೆ ಆಗಲೇ ಕೈಯಲ್ಲಿದೆ, ಚೀಟಿ ಮಾತ್ರ ಬದಲಾಗಬೇಕು. ಶೇಷ ಎಂದು ಕಲಿತದ್ದು ರಿಮೈಂಡರ್, ಪ್ರೋಗ್ರಾಮಿನಲ್ಲಿ `%`. ಭಾಗಲಬ್ಧ ಕೋಶೆಂಟ್. ಅಪವರ್ತನ ಫ್ಯಾಕ್ಟರ್ ಅಥವಾ ಡಿವೈಸರ್, ಅಪವರ್ತ್ಯ ಮಲ್ಟಿಪಲ್. ಅವಿಭಾಜ್ಯ ಸಂಖ್ಯೆ ಪ್ರೈಮ್. ಮ.ಸಾ.ಅ. ಎಂಬುದನ್ನು ಶಾಲೆಯ ಇಂಗ್ಲಿಷ್ ಪುಸ್ತಕ ಎಚ್‌ಸಿಎಫ್ ಎನ್ನುತ್ತದೆ, ಪ್ರೋಗ್ರಾಮಿಂಗ್ ಪ್ರಶ್ನೆಗಳು ಜಿಸಿಡಿ ಎನ್ನುತ್ತವೆ, ಎರಡೂ ಒಂದೇ. ಗಣ ಸೆಟ್, ಉಪಗಣ ಸಬ್‌ಸೆಟ್. ಹತ್ತನೇ ತರಗತಿಯ ಗಣಿತ ಪುಸ್ತಕದ ಕನ್ನಡ ಮತ್ತು ಇಂಗ್ಲಿಷ್ ಆವೃತ್ತಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಧ್ಯಾಯದ ಶೀರ್ಷಿಕೆ, ವ್ಯಾಖ್ಯೆಗಳನ್ನು ಜೋಡಿಸಿ ಓದಿದರೆ ಈ ಭಾಗ ಒಂದೆರಡು ವಾರದ ಕೆಲಸ. ಹೊಸ ಪುಸ್ತಕವೇನೂ ಬೇಕಿಲ್ಲ.

ಮೂರನೆಯ ಬಗೆ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹೆಚ್ಚು ಅಂಕ ತಿನ್ನುವುದು. ‘ಅಟ್ ಮೋಸ್ಟ್ ಐದು’ ಎಂದರೆ ಏನು? ಮೋಸ್ಟ್ ಎಂದರೆ ಹೆಚ್ಚು ಎಂಬ ನೆನಪಿನಲ್ಲಿ ‘ಐದಕ್ಕಿಂತ ಹೆಚ್ಚು’ ಎಂದು ಬಗೆಯುವವರಿದ್ದಾರೆ. ಅದು ಹೆಚ್ಚೆಂದರೆ ಐದು, ಅಂದರೆ `<= 5`. ‘ಅಟ್ ಲೀಸ್ಟ್ ಐದು’ ಕಡೇಪಕ್ಷ ಐದು, `>= 5`. ಇವನ್ನು ನೆನಪಿಡಲು ಇಂಗ್ಲಿಷ್ ಅರ್ಥ ಉರುಹೊಡೆಯಬೇಡಿ. ‘ಹೆಚ್ಚೆಂದರೆ’, ‘ಕಡೇಪಕ್ಷ’ ಎಂದು ಮನೆಮಾತಿಗೆ ತಂದುಕೊಂಡು ಪಕ್ಕದಲ್ಲಿ ಚಿಹ್ನೆ ಬರೆಯಿರಿ. ಅಮ್ಮ ‘ಕಡೇಪಕ್ಷ ಎರಡು ತುತ್ತಾದರೂ ತಿನ್ನು’ ಎಂದರೆ ಎಷ್ಟು ತಿನ್ನಬಹುದು, ಎಷ್ಟು ತಿನ್ನಬಾರದು ಎಂಬುದು ಯಾರಿಗೂ ಗೊಂದಲವಿಲ್ಲ.

ಇದೇ ಗುಂಪಿನಲ್ಲಿ ‘ಡಿಸ್ಟಿಂಕ್ಟ್’ ಇದೆ: ಯಾವ ಎರಡೂ ಒಂದೇ ಆಗಿರಬಾರದು. ‘ನಾನ್-ನೆಗೆಟಿವ್’ ಇದೆ: ಋಣ ಅಲ್ಲದ್ದು, ಹಾಗಾಗಿ ಸೊನ್ನೆಯೂ ಸೇರುತ್ತದೆ; ಪಾಸಿಟಿವ್‌ನಲ್ಲಿ ಸೊನ್ನೆ ಇಲ್ಲ. ‘ನಾನ್-ಇನ್‌ಕ್ರೀಸಿಂಗ್’ ಕೂಡ ಇದೆ, ‘ನೆಕ್ಸ್ಟ್ ರೌಂಡ್’ ಪ್ರಶ್ನೆಯಲ್ಲೇ ಬರುತ್ತದೆ. ಅಂಕಗಳು ಎಲ್ಲಿಯೂ ಏರುವುದಿಲ್ಲ, ಇಳಿಯಬಹುದು ಅಥವಾ ಹಾಗೇ ಉಳಿಯಬಹುದು. 7, 7, 7 ಅಲ್ಲಿ ಬಂದದ್ದು ಈ ಪದದ ದೆಸೆಯಿಂದಲೇ. ‘ಸ್ಟ್ರಿಕ್ಟ್‌ಲಿ ಡಿಕ್ರೀಸಿಂಗ್’ ಎಂದಿದ್ದರೆ ಪ್ರತಿ ಹೆಜ್ಜೆಗೂ ಇಳಿಯಲೇಬೇಕಿತ್ತು, ಸಮಾನ ಅಂಕದ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಜೋಡಿಯಾಗಿ ಕಲಿಯಬೇಕಾದ ಪದಗಳೂ ಇವೆ. `abcde` ಎಂಬ ಅಕ್ಷರಮಾಲೆಯಲ್ಲಿ `bcd` ಒಂದು ಸಬ್‌ಸ್ಟ್ರಿಂಗ್, ನಡುವೆ ಬಿಡದೆ ಕತ್ತರಿಸಿದ ಒಂದೇ ತುಂಡು. `ace` ಸಬ್‌ಸೀಕ್ವೆನ್ಸ್, ನಡುವಿನ ಕೆಲವನ್ನು ಅಳಿಸಿದ್ದರೂ ಉಳಿದವು ಹಿಂದುಮುಂದಾಗಿಲ್ಲ. `eca` ಎರಡೂ ಅಲ್ಲ. ಪಟ್ಟಿಯ ವಿಷಯದಲ್ಲಿ ಮೊದಲನೆಯದಕ್ಕೆ ಸಬ್‌ಅರೇ ಎನ್ನುತ್ತಾರೆ. ಒಂದರ ಬದಲು ಇನ್ನೊಂದು ಎಂದುಕೊಂಡರೆ ಪ್ರಶ್ನೆಯೇ ಬೇರೆಯಾಗುತ್ತದೆ, ಬಿಡಿಸುವ ವಿಧಾನವೂ ಬೇರೆ. ಇಂಥ ಜೋಡಿಗಳಿಗೆ ವ್ಯಾಖ್ಯೆಗಿಂತ ಮೂರು ಉದಾಹರಣೆ ಬರೆದಿಟ್ಟುಕೊಳ್ಳುವುದು ಉಪಯುಕ್ತ: ಒಂದು ಹೌದು, ಒಂದು ಅಲ್ಲ, ಒಂದು ಗಡಿಯ ಮೇಲಿರುವುದು.

ವಾಕ್ಯದ ಬಾಲ ಎಲ್ಲಿದೆ

ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಅರ್ಥವಾಗದಿರುವುದುಂಟು. ಕನ್ನಡದಲ್ಲಿ ವಿಶೇಷಣ ಮೊದಲು, ಹೆಸರು ಆಮೇಲೆ, ಕ್ರಿಯಾಪದ ಕೊನೆಗೆ. ‘ಮೊತ್ತ ಮೂರರಿಂದ ಭಾಗವಾಗುವ ಜೋಡಿಗಳು ಎಷ್ಟಿವೆ ಎಣಿಸಿ’ ಎನ್ನುತ್ತೇವೆ. ಇಂಗ್ಲಿಷ್ ಪ್ರಶ್ನೆ ಇದನ್ನು ತಿರುಗಿಸುತ್ತದೆ: ಎಣಿಸಿ, ಜೋಡಿಗಳನ್ನು, ‘ಸಚ್ ದ್ಯಾಟ್’, ಹೀಗೆ ಹೀಗೆ ಇರುವಂಥವನ್ನು. ಅಪ್ಪಣೆ ಮೊದಲೇ ಬಂದು ಹೋಗಿರುತ್ತದೆ, ಷರತ್ತುಗಳು ಬಾಲದಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಕೊನೆಯವರೆಗೆ ಕಾದು ಕ್ರಿಯಾಪದ ಹಿಡಿಯುವ ನಮ್ಮ ಕಿವಿಗೆ, ಬಾಲ ಮುಗಿಯುವ ಹೊತ್ತಿಗೆ ತಲೆ ಮರೆತಿರುತ್ತದೆ.

ಉಪಾಯ ಸರಳ. ‘ಸಚ್ ದ್ಯಾಟ್’, ‘ವೇರ್’, ‘ಇಫ್’, ‘ಅನ್‌ಲೆಸ್’, ‘ಆ್ಯಸ್ ಲಾಂಗ್ ಆ್ಯಸ್’ ಕಂಡ ಕೂಡಲೇ ಪೆನ್ಸಿಲ್ಲಿನಿಂದ ಒಂದು ಅಡ್ಡಗೆರೆ. ಗೆರೆಯ ಎಡಕ್ಕೆ ಕೇಳಿದ್ದು, ಬಲಕ್ಕೆ ಷರತ್ತು. ಷರತ್ತುಗಳನ್ನು ‘ಆ್ಯಂಡ್’ ಎಂಬಲ್ಲಿ ಮತ್ತೆ ಕತ್ತರಿಸಿ, ಒಂದೊಂದನ್ನೂ ಒಂದೊಂದು ಸಾಲಿನಲ್ಲಿ ಚಿಹ್ನೆಯಾಗಿ ಬರೆಯಿರಿ. `1 <= i < j <= n` ಎಂದಿದ್ದರೆ ಅದೂ ಒಂದು ವಾಕ್ಯವೇ: ಎರಡು ಸ್ಥಾನಗಳನ್ನು ಆರಿಸು, ಮೊದಲನೆಯದು ಚಿಕ್ಕದಿರಲಿ. ಅಂದರೆ ಒಂದು ಜೋಡಿಯನ್ನು ಒಮ್ಮೆ ಮಾತ್ರ ಎಣಿಸಬೇಕು, ಅದಲುಬದಲು ಮಾಡಿ ಎರಡು ಸಲ ಅಲ್ಲ. ‘ಅನ್‌ಲೆಸ್’ ಬಂದರೆ ಜೋಪಾನ, ಅದರೊಳಗೆ ‘ಇಲ್ಲ’ ಅಡಗಿದೆ: ‘ಹಾಗಾಗದಿದ್ದರೆ’.

ತುಂಬ ಪ್ರಶ್ನೆಗಳಲ್ಲಿ ಬರುವ, ತುಂಬ ಜನ ಹಾರಿಸಿಬಿಡುವ ಒಂದು ವಾಕ್ಯವನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು. ಪರೀಕ್ಷಾ ನಿದರ್ಶನಗಳು `t`, ಹೆಚ್ಚೆಂದರೆ 10^4. ಪ್ರತಿಯೊಂದರಲ್ಲೂ `n` ಸಂಖ್ಯೆಗಳ ಪಟ್ಟಿ, `n` ಹೆಚ್ಚೆಂದರೆ 2·10^5. ಎರಡನ್ನೂ ಗುಣಿಸಿದರೆ 2·10^9, ಅಂದರೆ ಇನ್ನೂರು ಕೋಟಿ. ಒಂದು ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸರಳ ಹೆಜ್ಜೆ ಎಂಬ ಒರಟು ಅಂದಾಜಿನಲ್ಲಿ ಸಿ++ ಬರೆಯುವವರು ಲೆಕ್ಕ ಹಾಕುತ್ತಾರೆ. ಪಟ್ಟಿಯನ್ನು ಒಮ್ಮೆ ಓದುವುದೂ ಸಾಧ್ಯವಿಲ್ಲ ಎಂದು ಕೈಚೆಲ್ಲುವಂತಾಗುತ್ತದೆ. ಆದರೆ ಅದರ ಕೆಳಗೇ ಒಂದು ವಾಕ್ಯ ಇರುತ್ತದೆ: ಎಲ್ಲ ನಿದರ್ಶನಗಳ ‘ಎನ್’ಗಳನ್ನು ಕೂಡಿಸಿದರೆ ಮೊತ್ತ 2·10^5 ಅನ್ನು ಮೀರುವುದಿಲ್ಲ, ಇದು ‘ಗ್ಯಾರಂಟೀಡ್’. ಹತ್ತು ಸಾವಿರ ನಿದರ್ಶನಗಳಿದ್ದರೆ ಒಂದೊಂದೂ ಸರಾಸರಿ ಇಪ್ಪತ್ತು ಸಂಖ್ಯೆಗಳಷ್ಟೆ. ಒಂದೇ ದೊಡ್ಡ ಪಟ್ಟಿ ಬಂದರೆ ಉಳಿದವಕ್ಕೆ ಜಾಗವೇ ಇಲ್ಲ. ಒಟ್ಟು ಕೆಲಸ ಎರಡು ಲಕ್ಷ.

ಈ ವಾಕ್ಯ ನಮ್ಮಿಂದ ಏನನ್ನೂ ಬೇಡುವುದಿಲ್ಲ, ಪ್ರಶ್ನೆ ಬರೆದವರು ನಮಗೆ ಕೊಟ್ಟ ಮಾತು ಅದು. ‘ಗ್ಯಾರಂಟೀಡ್’ ಕಂಡಲ್ಲೆಲ್ಲ ಹಾಗೆಯೇ: ಅದನ್ನು ಪರೀಕ್ಷಿಸುವ ಕೋಡ್ ಬರೆಯಬೇಕಾಗಿಲ್ಲ. ಆದರೆ ಆ ಮಾತಿಗೂ ಒಂದು ಎಲ್ಲೆಯಿದೆ. ಪ್ರತಿ ನಿದರ್ಶನದ ಆರಂಭದಲ್ಲೂ ಎರಡು ಲಕ್ಷ ಉದ್ದದ ಪಟ್ಟಿಯನ್ನು ಸೊನ್ನೆ ಮಾಡುತ್ತ ಕುಳಿತರೆ ಮತ್ತದೇ ಇನ್ನೂರು ಕೋಟಿ, `Time limit exceeded`. ಮೊತ್ತದ ಮಿತಿ `n`ಗೆ ಹೇಳಿದ್ದು, ನಾವು ಕಟ್ಟಿಕೊಂಡ ಪಟ್ಟಿಗಲ್ಲ.

ಅಭ್ಯಾಸಕ್ಕೆ ಎಲ್ಲಿಂದ ಶುರುಮಾಡಬೇಕು ಎನ್ನುವುದೂ ಭಾಷೆಯ ಮೇಲೆಯೇ ನಿಂತಿದೆ. ಫಿನ್ಲೆಂಡಿನಲ್ಲಿ ರೂಪುಗೊಂಡ CSES ಎಂಬ ಪ್ರಶ್ನೆಸಂಗ್ರಹದಲ್ಲಿ ಕತೆಯೇ ಕಡಿಮೆ, ಎರಡು ಮೂರು ವಾಕ್ಯದಲ್ಲಿ ಪ್ರಶ್ನೆ ಮುಗಿಯುತ್ತದೆ. ಜಪಾನಿನ ಆಟ್‌ಕೋಡರ್ ತಾಣದ ಹೊಸಬರ ಸ್ಪರ್ಧೆಗಳ ಮೊದಲ ಪ್ರಶ್ನೆಗಳೂ ಹಾಗೆಯೇ, ಒಣ ಭಾಷೆ, ಸಣ್ಣ ವಾಕ್ಯ. ರಷ್ಯಾದ ಸಾರಾತೊವ್ ನಗರದಲ್ಲಿ ಹುಟ್ಟಿದ ಕೋಡ್‌ಫೋರ್ಸಸ್‌ನಲ್ಲಿ ಕತೆ ಜಾಸ್ತಿ. ಈ ಕ್ರಮದಲ್ಲೇ ಹೋದರೆ ಒಳ್ಳೆಯದು: ಮೊದಲು ಪ್ರಶ್ನೆಯ ಅಚ್ಚು ಕಣ್ಣಿಗೆ ಕೂತುಕೊಳ್ಳಲಿ, ಕತೆ ಆಮೇಲೆ ಬರಲಿ. ಈ ಮೂರು ತಾಣಗಳ ಹಿಂದೆಯೂ ಇಂಗ್ಲಿಷ್ ಮನೆಮಾತಲ್ಲದ ನಾಡುಗಳೇ ಇವೆ. ಆಟ್‌ಕೋಡರ್ ಜಪಾನಿಯಲ್ಲೂ, ಕೋಡ್‌ಫೋರ್ಸಸ್ ರಷ್ಯನ್ನಿನಲ್ಲೂ ಪ್ರಶ್ನೆ ಕೊಡುತ್ತವೆ. ಹಾಗಾಗಿ ಅಲ್ಲಿನ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷಲ್ಲ. ಅವೇ ಕೆಲವು ಪದ, ಅವೇ ಕೆಲವು ವಾಕ್ಯರೂಪಗಳು ತಿರುಗಿ ತಿರುಗಿ ಬರುತ್ತವೆ. ಶಾಲಾ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಂತೂ ಆಯಾ ದೇಶದ ತಂಡದ ನಾಯಕರೇ ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸಿಕೊಡುವ ಪದ್ಧತಿಯಿದೆ. ಕನ್ನಡದ ಹುಡುಗರಿಗೆ ಆ ಅನುವಾದ ಮಾಡಿಕೊಡುವವರಿಲ್ಲ, ತಾವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳುವುದು ಹೇಗೆಂದರೆ, ಪ್ರಶ್ನೆ ಓದಿದ ಮೇಲೆ ಕೋಡ್ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಮೂರು ಸಾಲು. ಕೊಟ್ಟದ್ದು ಏನು, ಕೇಳಿದ್ದು ಏನು, ಷರತ್ತು ಏನು. ಕಲ್ಲಂಗಡಿಯ ಪ್ರಶ್ನೆಗೆ ಹೀಗಾಗುತ್ತದೆ: ಕೊಟ್ಟದ್ದು `w`, 1ರಿಂದ 100. ಕೇಳಿದ್ದು ಎರಡು ಭಾಗ ಆಗುತ್ತದೆಯೆ, YES/NO. ಷರತ್ತು ಎರಡೂ ಸಮ ಸಂಖ್ಯೆ, ಎರಡೂ ಸೊನ್ನೆಗಿಂತ ದೊಡ್ಡದು, ಒಂದೇ ತೂಕ ಇರಬೇಕಾಗಿಲ್ಲ. ಬಿಸಿಲು, ಬಾಯಾರಿಕೆಗೆ ಇದರಲ್ಲಿ ಜಾಗವಿಲ್ಲ. ಮೂರು ಸಾಲು ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಅರ್ಥವಾಗಿಲ್ಲ ಎಂದೇ ತಿಳಿಯಬೇಕು. ತಡವರಿಸಿದ ಪದವನ್ನು ಒಂಟಿಯಾಗಿ ಬರೆದಿಡದೆ, ಅದು ಬಂದ ಪದಗುಚ್ಛ, ಕನ್ನಡದ ಮಾತು, ಚಿಹ್ನೆ, ಪ್ರಶ್ನೆಯ ಸಂಖ್ಯೆ ಸಮೇತ ಬರೆದಿಡಿ. ‘ಆ್ಯಸ್ ಲಾಂಗ್ ಆ್ಯಸ್, ಹಾಗಿದ್ದರೆ ಮಾತ್ರ, and, 158A.’ ಇಷ್ಟು ಸಾಕು.

ಸ್ಪರ್ಧೆಯ ಮಧ್ಯೆ ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಮೊದಮೊದಲು ಹೊತ್ತು ಹಿಡಿಯುವುದು ನಿಜ, ಅದಕ್ಕೇ ಗಡಿಯಾರವಿಲ್ಲದ ಹಳೆಯ ಪ್ರಶ್ನೆಗಳಲ್ಲಿ ರೂಢಿಮಾಡಿಕೊಳ್ಳಬೇಕು. ತಪ್ಪಾಗಿ ಓದಿ ಬರೆದ ಕೋಡನ್ನು ತಿದ್ದಲು ಹೋಗುವ ಹೊತ್ತಿನ ಮುಂದೆ ಮೂರು ಸಾಲಿನ ಹೊತ್ತು ದೊಡ್ಡದಲ್ಲ.

ಬಿಡಿಸಲು ಆಗದೇ ಹೋದ ಪ್ರಶ್ನೆಗಳಿಗೂ ಒಂದು ಕೆಲಸವಿದೆ. ಸ್ಪರ್ಧೆ ಮುಗಿದ ಮೇಲೆ ‘ಎಡಿಟೋರಿಯಲ್’ ಎಂಬ ಹೆಸರಿನಲ್ಲಿ ಪರಿಹಾರದ ವಿವರಣೆ ಬರುತ್ತದೆ. ಅದರ ಶುರುವಿನ ಸಾಲುಗಳಲ್ಲಿ ಬಹಳ ಸಲ ಪ್ರಶ್ನೆಯನ್ನೇ ಕತೆ ಕಳೆದು ಚಿಕ್ಕದಾಗಿ ಹೇಳಿರುತ್ತಾರೆ. ಅಷ್ಟನ್ನು ಮಾತ್ರ ಓದಿ ನಿಲ್ಲಿಸಿ, ನಿಮ್ಮ ಮೂರು ಸಾಲಿನ ಜೊತೆ ಹೋಲಿಸಿ. ಎರಡೂ ಬೇರೆಯಾಗಿದ್ದರೆ ಸೋತದ್ದು ಓದಿನಲ್ಲಿ. ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ಪಕ್ಕ ‘ಭಾ’ ಎಂದು ಬರೆದು, ಮುಂದಿನ ಸಾಲು ನೋಡದೆ ಮತ್ತೆ ಪ್ರಯತ್ನಿಸಿ. ಎರಡೂ ಒಂದೇ ಆಗಿದ್ದೂ ದಾರಿ ಹೊಳೆದಿರಲಿಲ್ಲವಾದರೆ ‘ಲೆ’ ಎಂದು ಬರೆದು, ಪರಿಹಾರವನ್ನು ಪೂರ್ತಿ ಓದಿ. ತಿಂಗಳ ಕೊನೆಯಲ್ಲಿ ‘ಭಾ’ ಎಷ್ಟು, ‘ಲೆ’ ಎಷ್ಟು ಎಂದು ಎಣಿಸಿದರೆ ಮುಂದಿನ ತಿಂಗಳು ಪ್ರಶ್ನೆ ಓದುವುದಕ್ಕೆ ಹೆಚ್ಚು ಕೂರಬೇಕೋ, ಗ್ರಾಫ್, ಬೈನರಿ ಸರ್ಚ್ ಕಲಿಯುವುದಕ್ಕೆ ಹೆಚ್ಚು ಕೂರಬೇಕೋ ಎಂಬುದು ತಿಳಿಯುತ್ತದೆ.